ಜೂನ್ ತಿಂಗಳ ಗಲ್ಲಾ ನಂಬಬಹುದೇ?

ಡೊಂಬಿವಲಿಯಲ್ಲಿ ಕೊಡೆ, ರೈನ್‌ಕೋಟ್, ಶಾಲೆಯ ಬ್ಯಾಗ್ ಮಾರುವ ಶೆಟ್ರು ಜುಲೈ ಮೊದಲ ವಾರ ಲೆಕ್ಕದ ಪುಸ್ತಕ ಹಿಡಿದು ನಮ್ಮ ಮನೆಗೆ ಬಂದರು. ಏಪ್ರಿಲ್‌ನಲ್ಲಿ 1.90 ಲಕ್ಷ, ಮೇಯಲ್ಲಿ 2.47 ಲಕ್ಷ, ಜೂನ್‌ನಲ್ಲಿ 4.32 ಲಕ್ಷ ರೂಪಾಯಿ ವ್ಯಾಪಾರ. "ಏರ್ತಾ ಉಂಟಲ್ಲ ಮಾರಾಯ್ರೆ, ಸ್ಟೇಷನ್ ಹತ್ತಿರ ಇನ್ನೊಂದು ಗಾಳೆ ಬಾಡಿಗೆಗೆ ಹಿಡೀತೇನೆ" ಎಂದರು. ಡಿಪಾಸಿಟ್‌ಗೆ ಹೆಂಡತಿಯ ಚಿನ್ನ ಅಡವಿಡುವ ಯೋಚನೆ.

ಮುಂಬಯಿಯಲ್ಲಿ ಜೂನ್ ಎಂದರೆ ಮಳೆಯೂ ಹೌದು, ಶಾಲೆ ಶುರುವಾಗುವ ತಿಂಗಳೂ ಹೌದು. ಅಂಗಡಿ ಬೆಳೆಯದಿದ್ದರೂ ಕೊಡೆ ಖರ್ಚಾಗುತ್ತದೆ. ಆ ಪಾಲನ್ನು ಮೊದಲು ಕಳೆಯಬೇಕು. ಅದಕ್ಕೆ ಬೇಕಾದದ್ದು ಋತುಮಾನ ಸೂಚ್ಯಂಕ.

ಹಿಂದಿನ ಮೂರು ವರ್ಷಗಳ ಪುಸ್ತಕ ತರಿಸಿದೆ. ವರ್ಷದ ಒಟ್ಟು ವ್ಯಾಪಾರವನ್ನು 12ರಿಂದ ಭಾಗಿಸಿದರೆ ತಿಂಗಳ ಸರಾಸರಿ ಕ್ರಮವಾಗಿ 1.5, 1.6, 1.8 ಲಕ್ಷ. ಆ ವರ್ಷಗಳ ಜೂನ್ ವ್ಯಾಪಾರ 3.60, 4.00, 4.14 ಲಕ್ಷ. ಅಂದರೆ ಸರಾಸರಿಯ ಶೇ. 240, 250, 230. ಮೂರರ ಸರಾಸರಿ 240. ಇದೇ ಜೂನ್‌ನ ಸೂಚ್ಯಂಕ. ಹೀಗೆಯೇ ಏಪ್ರಿಲ್‌ಗೆ 95, ಮೇಗೆ 130 ಬಂತು. ಹನ್ನೆರಡೂ ತಿಂಗಳ ಸೂಚ್ಯಂಕ ಕೂಡಿದರೆ 1200 ಬರಬೇಕು. ಬಾರದಿದ್ದರೆ ಲೆಕ್ಕ ಎಲ್ಲೋ ತಪ್ಪಿದೆ.

ಈಗ ಈ ವರ್ಷದ ವ್ಯಾಪಾರವನ್ನು ಆಯಾ ತಿಂಗಳ ಸೂಚ್ಯಂಕದಿಂದ ಭಾಗಿಸಿ 100ರಿಂದ ಗುಣಿಸಿದೆ. ಏಪ್ರಿಲ್ 2.00 ಲಕ್ಷ, ಮೇ 1.90 ಲಕ್ಷ, ಜೂನ್ 1.80 ಲಕ್ಷ. ಏರಿದ್ದು ಮಳೆಗಾಲ, ಅಂಗಡಿ ಇಳಿಯುತ್ತಿತ್ತು.

ಶೆಟ್ರು ಒಪ್ಪಲಿಲ್ಲ. "ಕಳೆದ ಜೂನ್‌ಗಿಂತ ಜಾಸ್ತಿಯೇ ಅಲ್ವಾ?" ಹೌದು, 4.14ರಿಂದ 4.32. ಆದರೆ ಜೂನನ್ನು ಜೂನ್‌ಗೆ ಹೋಲಿಸಿದರೆ ವರ್ಷದಲ್ಲಿ ಆದ ಬದಲಾವಣೆ ಒಟ್ಟಾಗಿ ಕಾಣುತ್ತದೆಯೇ ಹೊರತು, ಏಪ್ರಿಲ್‌ನಿಂದೀಚೆಗೆ ಬಂದ ಇಳಿತ ಅದರೊಳಗೆ ಅಡಗಿಬಿಡುತ್ತದೆ.

ಅವರ ಇನ್ನೊಂದು ಮಾತಿನಲ್ಲಿ ಹುರುಳಿತ್ತು: "ಮಳೆ ಹಿಂದೆ ಮುಂದೆ ಆದ್ರೆ?" 2025ರಲ್ಲಿ ಮುಂಗಾರು ಮೇ 26ಕ್ಕೇ ಮುಂಬಯಿಗೆ ಬಂದಿತ್ತು. ಅಂಥ ವರ್ಷ ಜೂನ್‌ನ ಗಿರಾಕಿ ಮೇಯಲ್ಲೇ ಬಂದು ಹೋಗುತ್ತಾನೆ, ಸೂಚ್ಯಂಕ ದಾರಿ ತಪ್ಪಿಸುತ್ತದೆ. ಆಗ ಎರಡೂ ತಿಂಗಳನ್ನು ಕೂಡಿಸಿ ನೋಡಬೇಕು. ಕೂಡಿಸಿದೆವು: 6.79 ಲಕ್ಷವನ್ನು 3.70ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 1.84 ಲಕ್ಷ. ಏಪ್ರಿಲ್‌ಗಿಂತ ಆಗಲೂ ಕಡಿಮೆಯೇ. ಬಟ್ಟೆ ಅಂಗಡಿಯವರಿಗೂ ಇದೇ ಎಚ್ಚರ ಬೇಕು: ದೀಪಾವಳಿ 2023ರಲ್ಲಿ ನವೆಂಬರ್ ನಡುವೆ ಬಂದರೆ, 2025ರಲ್ಲಿ ಅಕ್ಟೋಬರ್‌ನಲ್ಲೇ ಮುಗಿಯಿತು.

ಮೂರು ತಿಂಗಳ ಇಳಿತ ಅಷ್ಟರಿಂದಲೇ ಸೋಲಲ್ಲ. ಆದರೆ ಚಿನ್ನ ಅಡವಿಡಲು ಅದು ಆಧಾರವೂ ಅಲ್ಲ. ಶೆಟ್ರು ಪುಸ್ತಕ ಮುಚ್ಚಿ, "ಗಣಪತಿ ಕಳೀಲಿ, ಜುಲೈ, ಆಗಸ್ಟ್‌ದೂ ಹೀಗೇ ಭಾಗಿಸಿ ನೋಡುವ" ಎಂದು ಎದ್ದರು.