ರೇಟ್ ಆಡಿಸಿದವರು ಬೇರೆ, ನಮ್ಮ ಜೇಬಿಗೆ ಕೈ ಹಾಕೋರು ಬೇರೆ

1/5
ಅಕ್ಕನ ಮದುವೆಗೆ ಸರ ತಗೋಬೇಕು ಅಂತ ಮಾತಾಡ್ತಿದ್ದಾಗ ಫ್ಯಾಮಿಲಿ ಗ್ರೂಪಲ್ಲಿ ಒಂದು ಫಾರ್ವರ್ಡ್ ಬಂತು. ‘ಅಮೆರಿಕದ ಬ್ಯಾಂಕುಗಳು ಚಿನ್ನದ ರೇಟನ್ನ ಬೇಕಂತಲೇ ಅದುಮಿಟ್ಟಿವೆ. ಒಂದಿನ ಹಾರುತ್ತೆ. ಈಗಲೇ ತಗೊಳ್ಳಿ.’ ಮಾವ ಪೂರ್ತಿ ನಂಬಿದ್ರು. ನನಗೆ ಸಿಟ್ಟು ಬಂತು, ಯಾಕಂದ್ರೆ ಇದರಲ್ಲಿ ಅರ್ಧ ನಿಜ ಇದೆ.

2/5
ನಿಜ ಏನು? 2020ರಲ್ಲಿ ಜೆಪಿ ಮಾರ್ಗನ್ ಬ್ಯಾಂಕ್ 92 ಕೋಟಿ ಡಾಲರ್ ಕಟ್ಟೋಕೆ ಒಪ್ಪಿತು. ಚಿನ್ನ, ಬೆಳ್ಳಿಯಂಥ ಲೋಹಗಳ ಮತ್ತು ಅಮೆರಿಕ ಸರ್ಕಾರಿ ಬಾಂಡ್‌ಗಳ ಫ್ಯೂಚರ್ಸ್‌ನಲ್ಲಿ ಅದರ ಟ್ರೇಡರ್‌ಗಳು ವರ್ಷಗಟ್ಟಲೆ ‘ಸ್ಪೂಫಿಂಗ್’ ಮಾಡಿದ್ರು. ಲೋಹ ವಿಭಾಗದ ಮುಖ್ಯಸ್ಥನಾಗಿದ್ದ ಮೈಕಲ್ ನೊವಾಕ್ ತಪ್ಪಿತಸ್ಥ ಅಂತ 2022ರಲ್ಲಿ ಶಿಕಾಗೋ ಜ್ಯೂರಿ ಹೇಳಿತು. ಶಿಕ್ಷೆ? ಒಂದು ವರ್ಷ ಒಂದು ದಿನ ಜೈಲು.

3/5
ಸ್ಪೂಫಿಂಗ್ ಅಂದ್ರೆ ಸುಳ್ಳು ಆರ್ಡರ್. ಟ್ರೇಡರ್‌ಗೆ 10 ಕಾಂಟ್ರ್ಯಾಕ್ಟ್ ಅಗ್ಗಕ್ಕೆ ಬೇಕು ಅಂದ್ಕೊಳ್ಳಿ. ಮೊದಲು ಸಣ್ಣ ಬೈ ಆರ್ಡರ್ ಹಾಕ್ತಾನೆ. ಆಮೇಲೆ ಮಾರೋ ಉದ್ದೇಶವೇ ಇಲ್ಲದೆ ದೊಡ್ಡ ಸೆಲ್ ಆರ್ಡರ್‌ಗಳನ್ನ ಸುರೀತಾನೆ. ಉಳಿದವರು ‘ಎಲ್ಲರೂ ಮಾರ್ತಿದ್ದಾರೆ’ ಅಂತ ಹೆದರಿ ರೇಟ್ ಇಳಿಸ್ತಾರೆ. ಇವನ ಬೈ ಆಗುತ್ತೆ, ಸೆಲ್ ಆರ್ಡರ್ ಕ್ಯಾನ್ಸಲ್. ಎಲ್ಲಾ ಕೆಲವೇ ಸೆಕೆಂಡಲ್ಲಿ. ಮಾರುವಾಗ ಇದೇ ಆಟ ಉಲ್ಟಾ, ಅಂದ್ರೆ ರೇಟ್ ಮೇಲಕ್ಕೂ ತಳ್ತಾರೆ. ವರ್ಷಗಟ್ಟಲೆ ರೇಟ್ ಅದುಮಿಟ್ಟಿದ್ದು ಈ ಕೇಸಲ್ಲಿ ಸಾಬೀತಾಗಿಲ್ಲ.

4/5
ಈಗ ಲೆಕ್ಕ. ಆ ಆಟದಲ್ಲಿ ಔನ್ಸ್‌ಗೆ 20 ಸೆಂಟ್ ಅಲುಗಾಡಿತು ಅನ್ನಿ. ಒಂದು ಕಾಂಟ್ರ್ಯಾಕ್ಟ್ 100 ಔನ್ಸ್, ಹಾಗಾಗಿ 10 ಕಾಂಟ್ರ್ಯಾಕ್ಟಿಗೆ ಅವನಿಗೆ 200 ಡಾಲರ್. ಒಂದು ಔನ್ಸ್ ಅಂದ್ರೆ ಸುಮಾರು 31 ಗ್ರಾಂ. ನಮ್ಮ ಲೆಕ್ಕದಲ್ಲಿ ಗ್ರಾಂಗೆ ಅರ್ಧ ರೂಪಾಯಿ ಆಸುಪಾಸು, ಅದೂ ಅಂಗಡಿ ಬೋರ್ಡ್ ರೇಟ್ ಬದಲಾಗೋ ಮುಂಚೆ ಮಾಯ.
ಅದೇ 10 ಗ್ರಾಂ ಸರ, ಲೆಕ್ಕಕ್ಕೆ ಗ್ರಾಂ 10,000 ಅಂತಿಟ್ಕೊಳ್ಳಿ. ಚಿನ್ನ 1,00,000. ಮೇಕಿಂಗ್ ಚಾರ್ಜ್ 12% ಅಂದ್ರೆ 12,000. ಒಟ್ಟು ಮೊತ್ತಕ್ಕೆ 3% ಜಿಎಸ್‌ಟಿ 3,360. ಬಿಲ್ 1,15,360. ನಾಳೆ ಅದೇ ರೇಟಿಗೆ ಮಾರಿದ್ರೂ 15,360 ಹೋಯ್ತು. ಸ್ಪೂಫರ್‌ನಿಂದ ಐದು ರೂಪಾಯಿ, ಬಿಲ್‌ನಿಂದ ಹದಿನೈದು ಸಾವಿರ!

5/5
ಹಾಗಾದ್ರೆ ಸ್ಪೂಫಿಂಗ್‌ನಿಂದ ಏಟು ತಿಂದವರು ಯಾರು? ಆ ಸೆಕೆಂಡಲ್ಲಿ ಎದುರು ಕೂತಿದ್ದ ಟ್ರೇಡರ್‌ಗಳು. ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ಕೂತು ಫೋನಲ್ಲಿ ಗೋಲ್ಡ್ ಫ್ಯೂಚರ್ಸ್ ಆಡೋ ಗೆಳೆಯರೇ, ಹತ್ತಿರದ ಸ್ಟಾಪ್‌ಲಾಸ್ ಇಟ್ಕೊಂಡಿರೋ ನೀವೂ ಅಂಥ ಸಾಲಲ್ಲೇ ನಿಂತಿದ್ದೀರಿ. ಸರ ಕೊಳ್ಳೋ ಅಮ್ಮ ಅಲ್ಲ.
ಅಮ್ಮನ ಜೊತೆ ಅಂಗಡಿಗೆ ಹೋದಾಗ ನ್ಯೂಯಾರ್ಕಿನ ಕಥೆ ಬಿಡಿ. ಮೇಕಿಂಗ್ ಎಷ್ಟು ಪರ್ಸೆಂಟ್, ಕಲ್ಲಿನ ತೂಕ ಕಳೆದಿದ್ದೀರಾ, ವಾಪಸ್ ಕೊಟ್ರೆ ಎಷ್ಟು ಕೊಡ್ತೀರಾ ಅಂತ ಕೇಳಿ. ಮೂರನ್ನೂ ಬಿಲ್ ಮೇಲೆ ಬರೆಸಿ.
ಮಾವನಿಗೂ ಇದೇ ಲೆಕ್ಕ ಕಳಿಸಿದೆ. ಬ್ಲೂ ಟಿಕ್ ಬಂದಿದೆ. ಉತ್ತರ ಇನ್ನೂ ಇಲ್ಲ.