‘ನಮ್ಮ ಹುಡುಗ ಮೆಡಿಕಲ್‌ನ್ಯಾಗ ಅದಾನ’ ಅನ್ನೂದು ಡಾಕ್ಟರ್ ಚೀಟಿ ಅಲ್ಲ

ಹುಬ್ಬಳ್ಳಿ ತಾಲ್ಲೂಕಿನ ನಮ್ಮ ಶಿರಗುಪ್ಪಿ ಹೋಬಳಿಯಲ್ಲಿ ಯಾರದಾದರೂ ಮಗ ಡಿ.ಫಾರ್ಮಾ ಮುಗಿಸಿದ, ಮಗಳು ನರ್ಸಿಂಗ್ ಮುಗಿಸಿದಳು ಅಂದರೆ ಮೊದಲು ಪೇಢೆ ಹಂಚುತ್ತಾರೆ. ವಾರ ಕಳೆಯುವುದರೊಳಗೆ ಫೋನ್ ಶುರುವಾಗುತ್ತವೆ. ‘ಗಂಟಲಾ ಕೆರೀತೈತಿ, ಅಜಿಥ್ರೋ ಬಸ್‌ನ್ಯಾಗ ಕಳಸಲೇ.’ ‘ಹುಡುಗನ ಹಾಜರಿ ಕಡಿಮಿ ಬಿದ್ದೈತಿ, ನಿಮ್ಮ ಡಾಕ್ಟರ್ ಕಡೆಯಿಂದ ಒಂದ ಸರ್ಟಿಫಿಕೇಟ್ ಮಾಡಿಸಿ ಕೊಡವಾ.’ ಕೊಟ್ಟರೆ ಒಳ್ಳೆಯವರು. ಕೊಡದಿದ್ದರೆ? ‘ಓದಿದ ಮ್ಯಾಲ ಕೊಂಬ ಬಂದಾವು.’

ನಾನು ಈ ಕೊಂಬು ಬಂದವರ ಪರ. ರೋಗಿಯನ್ನು ನೋಡದೆ, ಮುಟ್ಟದೆ ಆಂಟಿಬಯಾಟಿಕ್ ಆಗಲಿ, ಸಿಕ್ ಸರ್ಟಿಫಿಕೇಟ್ ಆಗಲಿ ಕೊಡೋದಿಲ್ಲ ಅನ್ನುವ ಹುಡುಗ-ಹುಡುಗಿಯರೇ ನಮ್ಮ ಮನೆತನಕ್ಕೆ ನಿಜವಾಗಿ ಬೇಕಾದವರು. ಕೇಳುವ ನಾವೇ ತಪ್ಪು. ಯಾಕೆ ಅಂತ ಒಂದು ಕೆಮ್ಮಿನ ಲೆಕ್ಕ ಹಿಡಿದು ಹೇಳುತ್ತೇನೆ.

ಒಂದು ಕೆಮ್ಮಿನ ಲೆಕ್ಕ

ಒಬ್ಬ ಕಾಕಾ ಇದ್ದಾರೆ ಅಂದುಕೊಳ್ಳಿ. ವಯಸ್ಸು ಐವತ್ತರ ಮೇಲೆ, ಹೊಲದ ಕೆಲಸ. ಮೂರು ವಾರದಿಂದ ಕೆಮ್ಮು, ಸಂಜೆಯಾದರೆ ಮೈ ಬೆಚ್ಚಗೆ, ಅಂಗಿ ಸಡಿಲಾಗಿದೆ. ಹುಬ್ಬಳ್ಳಿಯ ಮೆಡಿಕಲ್ ಅಂಗಡಿಯಲ್ಲಿ ಕೆಲಸ ಮಾಡುವ ಅಣ್ಣನ ಮಗನಿಗೆ ಫೋನ್ ಹಚ್ಚುತ್ತಾರೆ. ಹುಡುಗ ಪ್ರೀತಿಯಿಂದಲೇ ಐದು ಲಿವೋಫ್ಲಾಕ್ಸಾಸಿನ್ ಗುಳಿಗಿ ಕಳಿಸುತ್ತಾನೆ. ನಾಲ್ಕನೇ ದಿನಕ್ಕೆ ಕೆಮ್ಮು ಕಡಿಮೆ, ಜ್ವರ ಇಲ್ಲ. ‘ನಮ್ಮ ಹುಡುಗನ ಕೈಗುಣಾ’ ಅಂತ ಕಾಕಾ ಊರಿಗೆಲ್ಲ ಹೇಳುತ್ತಾರೆ.

ಹದಿನೈದು ದಿನಕ್ಕೆ ಕೆಮ್ಮು ವಾಪಸ್ ಬರುತ್ತದೆ. ಮತ್ತೆ ಐದು ಗುಳಿಗಿ. ಮತ್ತೆ ಆರಾಮ. ಹೀಗೆ ಎರಡು ತಿಂಗಳು ಹೋಗುತ್ತವೆ.

ಕಾಕಾಗೆ ಇದ್ದದ್ದು ಕ್ಷಯ, ಅಂದರೆ ಟಿಬಿ ಆಗಿದ್ದರೆ ಒಳಗೆ ನಡೆದದ್ದು ಬೇರೆಯೇ. ಲಿವೋಫ್ಲಾಕ್ಸಾಸಿನ್‌ಗೆ ಟಿಬಿ ರೋಗಾಣುವನ್ನು ಕೊಲ್ಲುವ ಶಕ್ತಿಯೂ ಇದೆ. ಅದಕ್ಕೇ ಆರಾಮ ಅನಿಸಿದ್ದು. ಆದರೆ ಒಂದೇ ಔಷಧ ಐದು ದಿನ ತಿಂದರೆ ಟಿಬಿ ಹೋಗುವುದಿಲ್ಲ. ಅದಕ್ಕೆ ಹಲವು ಔಷಧ ಕೂಡಿಸಿ ಸಾಮಾನ್ಯವಾಗಿ ಆರು ತಿಂಗಳು ಕೊಡಬೇಕು. ಐದು ದಿನದಲ್ಲಿ ಮೆತ್ತಗಿನ ರೋಗಾಣು ಸಾಯುತ್ತವೆ, ಗಟ್ಟಿ ಉಳಿಯುತ್ತವೆ. ಉಳಿದವು ಬೆಳೆದಾಗ ಆ ಗುಳಿಗಿಗೆ ಬಗ್ಗದೇ ಹೋಗಬಹುದು. ಸಾದಾ ಟಿಬಿ ಔಷಧಕ್ಕೆ ಬಗ್ಗದ ಹಠಮಾರಿ ಟಿಬಿ ಬಂದಾಗ ಡಾಕ್ಟರರು ನೆಚ್ಚಿಕೊಳ್ಳುವ ಮುಖ್ಯ ಔಷಧಗಳಲ್ಲಿ ಇದೇ ಲಿವೋಫ್ಲಾಕ್ಸಾಸಿನ್ ಒಂದು. ಕಡೆಗಾಲಕ್ಕೆ ಇಟ್ಟ ಅಸ್ತ್ರವನ್ನು ನಾವು ಮೊದಲ ದಿನವೇ ಮೊಂಡು ಮಾಡಿಬಿಟ್ಟೆವು.

ಇನ್ನೊಂದು ಹಾನಿಯೂ ಇದೆ. ಗುಳಿಗಿಯಿಂದ ರೋಗಾಣು ತಾತ್ಪೂರ್ತಿಕ ಕಡಿಮೆ ಆದಾಗ ಕಫ ಪರೀಕ್ಷೆ ಮಾಡಿದರೆ ಸಿಗದೇ ಹೋಗಬಹುದು. ರಿಪೋರ್ಟ್ ‘ಏನಿಲ್ಲ’ ಅನ್ನುತ್ತದೆ. ಆ ಎರಡು ತಿಂಗಳು ಕಾಕಾ ಮೊಮ್ಮಗನನ್ನು ತೊಡೆ ಮೇಲೆ ಕೂರಿಸಿಕೊಂಡೇ ಕೆಮ್ಮಿರುತ್ತಾರೆ.

ಎರಡು ವಾರ ದಾಟಿದ ಕೆಮ್ಮಿಗೆ ಕೇಳಬೇಕಾದದ್ದು ಗುಳಿಗಿ ಅಲ್ಲ, ಕಫದ ಡಬ್ಬಿ. ಸರ್ಕಾರಿ ದವಾಖಾನಿಯಲ್ಲಿ ಪರೀಕ್ಷೆಯೂ ಪುಕ್ಕಟೆ, ಟಿಬಿ ಅಂತ ಬಂದರೆ ಔಷಧವೂ ಪುಕ್ಕಟೆ. ಕೇಂದ್ರ ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯಡಿ ಊಟಕ್ಕೆ ಅಂತ ಕೊಡುತ್ತಿದ್ದ ತಿಂಗಳ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1000 ಮಾಡಿದ್ದಾರೆ. ಹುಡುಗ ಕಳಿಸಿದ ಗುಳಿಗಿ ಕಾಕಾಗೆ ಇದೆಲ್ಲ ತಪ್ಪಿಸಿತು.

ಕೆಂಪು ಗೆರೆ ಯಾಕೆ ಇದೆ

ಮನೆಯಲ್ಲಿರುವ ಆಂಟಿಬಯಾಟಿಕ್ ಪಟ್ಟಿ ತೆಗೆದು ನೋಡಿ. ಬಹಳಷ್ಟರ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ಡಾಕ್ಟರ್ ಚೀಟಿ ಇಲ್ಲದೆ ತಿನ್ನಬೇಡಿ ಅನ್ನುವ ಗುರುತು ಅದು. 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಈ ಗೆರೆಯ ಬಗ್ಗೆ ಪ್ರಚಾರವನ್ನೇ ಮಾಡಿತು.

ಇದಕ್ಕಿಂತ ಬಿಗಿಯಾದ ಇನ್ನೊಂದು ಪಟ್ಟಿ ಇದೆ, ಶೆಡ್ಯೂಲ್ ಎಚ್-1. 2014ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಸೆಫಿಕ್ಸಿಮ್, ಲಿವೋಫ್ಲಾಕ್ಸಾಸಿನ್, ಟಿಬಿ ಔಷಧಗಳು ಇದರಲ್ಲಿ ಬರುತ್ತವೆ. ಇವನ್ನು ಮಾರಿದರೆ ಅಂಗಡಿಯವರು ಬೇರೆಯೇ ರಿಜಿಸ್ಟರ್‌ನಲ್ಲಿ ಚೀಟಿ ಬರೆದ ಡಾಕ್ಟರ್ ಹೆಸರು, ರೋಗಿ ಹೆಸರು, ಔಷಧ, ಎಷ್ಟು ಕೊಟ್ಟೆ ಅನ್ನುವುದನ್ನು ಬರೆದು ಮೂರು ವರ್ಷ ಇಡಬೇಕು. ಕಾಕಾಗೆ ಬಸ್ಸಿನಲ್ಲಿ ಕಳಿಸಿದ ಐದು ಗುಳಿಗಿಯ ಎದುರು ಆ ಹುಡುಗ ಯಾವ ಡಾಕ್ಟರ್ ಹೆಸರು ಬರೆಯಬೇಕು? ಬರೆದರೆ ಸುಳ್ಳು, ಬರೆಯದಿದ್ದರೆ ಕಳವು ಲೆಕ್ಕ. ‘ಅಷ್ಟೂ ಮಾಡಂಗಿಲ್ಲೇನು?’ ಅಂತ ಕೇಳುವಾಗ ನಾವು ಕೇಳುತ್ತಿರುವುದು ಇದನ್ನೇ.

ಸರ್ಟಿಫಿಕೇಟ್ ಅಂದರೆ ಏನು ಬರೆದಿರುತ್ತದೆ

ಸಿಕ್ ಸರ್ಟಿಫಿಕೇಟ್ ವಿಷಯದಲ್ಲಿ ಜನ ಇನ್ನೂ ಸಲೀಸು. ‘ಒಂದ ಸಹಿ ಅಷ್ಟ’ ಅನ್ನುತ್ತಾರೆ. ಡಾಕ್ಟರರ ನಡತೆ ಬಗ್ಗೆ ಮೆಡಿಕಲ್ ಕೌನ್ಸಿಲ್ 2002ರಲ್ಲಿ ಮಾಡಿದ ನಿಯಮಗಳ ಜೊತೆ ಸರ್ಟಿಫಿಕೇಟಿನ ಒಂದು ನಮೂನೆ ಇದೆ. ಅದರಲ್ಲಿ ಮೊದಲು ರೋಗಿಯ ಸಹಿ ಅಥವಾ ಹೆಬ್ಬೆಟ್ಟು. ಆಮೇಲೆ ಡಾಕ್ಟರ್ ಹೇಳುವ ಮಾತು ಹೀಗೆ ಸಾಗುತ್ತದೆ: ಇವರನ್ನು ನಾನು ಲಕ್ಷ್ಯಕೊಟ್ಟು ಪರೀಕ್ಷೆ ಮಾಡಿದ್ದೇನೆ, ಇವರಿಗೆ ಇಂಥ ರೋಗ ಇದೆ, ಇಂಥ ದಿನದಿಂದ ಇಷ್ಟು ದಿನ ಕೆಲಸಕ್ಕೆ ಹೋಗದೇ ಇರುವುದು ಅಗತ್ಯ.

ನೋಡದೇ ಬರೆದರೆ ಮೊದಲ ಸಾಲೇ ಸುಳ್ಳು. ಕೊಟ್ಟ ಪ್ರತಿಯೊಂದು ಸರ್ಟಿಫಿಕೇಟನ್ನೂ ಡಾಕ್ಟರ್ ರಿಜಿಸ್ಟರ್‌ನಲ್ಲಿ ಬರೆದು ನಕಲು ಇಡಬೇಕು. ಸುಳ್ಳು ಸರ್ಟಿಫಿಕೇಟಿಗೆ ಸಹಿ ಹಾಕಿದ್ದು ಸಾಬೀತಾದರೆ ಡಾಕ್ಟರರ ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು ಅಂತ ಅದೇ ನಿಯಮ ಹೇಳುತ್ತದೆ. ನಮ್ಮ ತಂಗಿ ಮಗಳು ಆರು ವರ್ಷ ಹಗಲು-ರಾತ್ರಿ ಓದಿ ಪಡೆದ ಹೆಸರು ಅದು. ನಾವು ಅದನ್ನು ನಾಲ್ಕು ದಿನದ ರಜೆಗೆ ಒತ್ತೆ ಇಡು ಅನ್ನುತ್ತಿದ್ದೇವೆ.

ಹೋದ ವಾರ ನಿಜವಾಗಿಯೂ ಜ್ವರ ಬಂದಿತ್ತು, ಆಗ ಯಾರಿಗೂ ತೋರಿಸಲಿಲ್ಲ ಅಂದರೆ? ಇವತ್ತು ಡಾಕ್ಟರ್ ಹತ್ತಿರ ಹೋಗಿ. ‘ಹೋದ ವಾರ ಜ್ವರ ಇತ್ತೆಂದು ರೋಗಿ ಹೇಳುತ್ತಾರೆ, ಇಂದು ಪರೀಕ್ಷಿಸಿದ್ದೇನೆ’ ಅಂತ ಅವರು ಇವತ್ತಿನ ತಾರೀಖು ಹಾಕಿ ಬರೆಯಬಹುದು. ಅದು ನಿಜ. ಹಿಂದಿನ ತಾರೀಖು ಹಾಕಿಸಿಕೊಂಡ ಕಾಗದ ನಿಜವಲ್ಲ. ಮದುವೆಗೆ, ಜಾತ್ರೆಗೆ, ಉಳ್ಳಾಗಡ್ಡಿ ಕೀಳೋದಕ್ಕೆ ಹೋದ ರಜೆಗೆ ಕಾರಣ ಹಾಗೇ ಬರೆದು ಅರ್ಜಿ ಕೊಡಿ. ಸಾಹೇಬರು ಬೈದರೆ ಬೈಯಲಿ. ಬೈಗುಳ ನಮಗೆ ಸಲ್ಲಬೇಕಾದದ್ದು, ಡಾಕ್ಟರಮ್ಮನಿಗೆ ಅಲ್ಲ.

ಇಲ್ಲ ಅನ್ನುವುದು ಹೇಗೆ

ಮೆಡಿಕಲ್‌ನಲ್ಲಿ, ದವಾಖಾನಿಯಲ್ಲಿ ಇರುವ ತಮ್ಮ-ತಂಗಿಯರಿಗೂ ಒಂದು ಮಾತು. ನಿಮ್ಮಲ್ಲಿ ಬಹಳ ಮಂದಿ ‘ಸ್ಟಾಕ್ ಇಲ್ಲರೀ ಮಾಮಾ’ ಅಂತ ತಪ್ಪಿಸಿಕೊಳ್ಳುತ್ತೀರಿ. ಅದು ಕೆಲಸ ಮಾಡುವುದಿಲ್ಲ. ‘ಸ್ಟಾಕ್ ಇಲ್ಲ’ ಅಂದರೆ ‘ಗುಳಿಗಿ ಸರಿ ಐತಿ, ಬ್ಯಾರೆ ಅಂಗಡ್ಯಾಗ ತಗೋ’ ಅಂತ ಮಾಮಾಗೆ ಕೇಳಿಸುತ್ತದೆ. ಅವರು ಪಕ್ಕದ ಅಂಗಡಿಗೆ ಹೋಗಿ ಅದನ್ನೇ ತಿನ್ನುತ್ತಾರೆ. ಶುರುವಿಗೇ ಕಾನೂನು ಹೇಳಿದರೂ ಆಗದು. ‘ನಮಗ ಕಾಯ್ದೆ ಕಲಸ್ತಾಳ’ ಅಂತ ಮಾತು ಅಲ್ಲಿಗೇ ಮುರಿಯುತ್ತದೆ.

ಮೊದಲು ಕೇಳಿ. ಎಷ್ಟು ದಿನ ಆತು? ಈಗಾಗಲೇ ಏನರ ಗುಳಿಗಿ ತಗೊಂಡೀರೇನು? ಊಟ-ನೀರು ಹೊಂಟೈತೇನು? ಉಸಿರಾಡಾಕ ತ್ರಾಸೈತೇನು? ಈ ನಾಲ್ಕು ಪ್ರಶ್ನೆ ಕೇಳಿದರೆ ನೀವು ಕೈ ಬಿಡುತ್ತಿಲ್ಲ ಅಂತ ಅವರಿಗೆ ತಿಳಿಯುತ್ತದೆ. ಆಮೇಲೆ ಒಂದೇ ಕಾರಣ ಕೊಟ್ಟು ಸ್ಪಷ್ಟವಾಗಿ ಇಲ್ಲ ಅನ್ನಿ: ‘ಕಾಕಾ, ಇದನ್ನ ನಾ ಕೊಡಂಗಿಲ್ಲ. ಎದಿ ಮ್ಯಾಲ ನಳಿಗಿ ಇಟ್ಟು ನೋಡದ ಕೊಟ್ರ ಒಳಗಿನ ರೋಗ ಮುಚ್ಚಿ ಹೊಕ್ಕೈತಿ. ನಾಳೆ ಮುಂಜಾನೆ ದವಾಖಾನಿಗೆ ಹೋಗ್ರಿ. ಅಲ್ಲಿಂದ ನನಗ ಫೋನ್ ಹಚ್ಚರಿ, ನಾ ಡಾಕ್ಟರ್ ಜೋಡಿ ಮಾತಾಡ್ತೀನಿ.’

ಇಲ್ಲ ಅಂದ ಬಾಯಿಂದಲೇ ಮುಂದಿನ ದಾರಿಯೂ ಬರಬೇಕು. ಎರಡು ದಿನದ ನೆಗಡಿ-ಕೆಮ್ಮಿಗೆ ಬಿಸಿನೀರು, ವಿಶ್ರಾಂತಿ, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ನೆಗಡಿ ವೈರಸ್‌ನಿಂದ ಬರುತ್ತದೆ, ಆಂಟಿಬಯಾಟಿಕ್ ವೈರಸ್ಸನ್ನು ಮುಟ್ಟುವುದೂ ಇಲ್ಲ. ಮಳೆಗಾಲದ ಜ್ವರದಲ್ಲಿ ಡೆಂಗಿ ಸಂಶಯ ಇರುವುದರಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗಿ ಬೇಡ ಅಂತ ಹೇಳಿ. ಹೊಟ್ಟೆನೋವು ಜೋರಾದರೆ, ಮೇಲಿಂದ ಮೇಲೆ ವಾಂತಿಯಾದರೆ, ಒಸಡಿನಿಂದ ರಕ್ತ ಬಂದರೆ, ಮಂಪರು ಹತ್ತಿದರೆ ಜ್ವರ ಇಳಿದಿದ್ದರೂ ಅವತ್ತೇ ಹುಬ್ಬಳ್ಳಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಕೂಲಿ ಹೋಗುತ್ತದಲ್ಲ?

ಇದೊಂದು ಆಕ್ಷೇಪಕ್ಕೆ ತೂಕ ಇದೆ. ದವಾಖಾನಿಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಕಾಯಬೇಕು, ಪಾಳಿ ಹಚ್ಚಬೇಕು. ಬಡವರು ಸೋಮಾರಿತನಕ್ಕೆ ಗುಳಿಗಿ ಕೇಳುವುದಿಲ್ಲ, ಆ ದಿನ ಉಳಿಸಲು ಕೇಳುತ್ತಾರೆ. ಆದರೆ ಆ ಕಾಕಾನ ಲೆಕ್ಕವನ್ನೇ ಹಾಕಿ ನೋಡಿ. ಉಳಿದದ್ದು ಒಂದು ದಿನ. ಕಳೆದದ್ದು ಎರಡು ತಿಂಗಳು, ಜೊತೆಗೆ ಮನೆಮಂದಿಯ ಆರೋಗ್ಯ.

ಸಿಟ್ಟು ಬಂದರೆ ಅದನ್ನು ಸರಿಯಾದ ಕಡೆ ತಿರುಗಿಸೋಣ. ಕೂಲಿಯವರು ಹೊಲದಿಂದ ಬರುವ ಹೊತ್ತಿಗೆ ದವಾಖಾನಿಯಲ್ಲಿ ಡಾಕ್ಟರ್ ಇರಲಿ ಅಂತ ಗ್ರಾಮಸಭೆಯಲ್ಲಿ ಎದ್ದು ಕೇಳೋಣ. ಆರೋಗ್ಯ ಉಪಕೇಂದ್ರದಿಂದ ಇ-ಸಂಜೀವಿನಿ ಮೂಲಕ ಡಾಕ್ಟರ್ ಜೊತೆ ಪುಕ್ಕಟೆ ಮಾತಾಡುವ ವ್ಯವಸ್ಥೆ ಇದೆ, ಅದು ನಮ್ಮೂರಲ್ಲಿ ಏಕೆ ನಡೆಯುತ್ತಿಲ್ಲ ಅಥವಾ ಯಾವಾಗ ನಡೆಯುತ್ತದೆ ಅಂತ ಕೇಳೋಣ. ಅಲ್ಲಿ ಬಾಯಿ ಮುಚ್ಚಿಕೊಂಡು ಕೂತು, ಮನೆಗೆ ಬಂದು ಮೆಡಿಕಲ್ ಹುಡುಗನ ಮೇಲೆ ಜೋರು ಮಾಡುವುದು ಗಂಡಸ್ತನವೂ ಅಲ್ಲ, ಬಳಗವೂ ಅಲ್ಲ.

ಮುಂದಿನ ಸಲ ತಂಗಿ ಮಗಳು ‘ಇಲ್ಲ ಮಾಮಾ, ತೋರಿಸ್ಕೊಂಡ ಬರ್ರಿ’ ಅಂದರೆ ಫೋನ್ ಇಟ್ಟು ಮುಖ ಗಂಟು ಹಾಕಬೇಡಿ. ಚಪ್ಪಲಿ ಮೆಟ್ಟಿಕೊಂಡು ದವಾಖಾನಿಗೆ ಹೊರಡಿ.