‘ಅಣ್ಣಾ’ ಅಂದವನು ಯಾವಾಗ ‘ಲೋ’ ಅಂತಾನೆ?



ಹುಡುಗ ಓದಿದ್ದ. ‘ನನಗೆ ಜಾತಿ ಗೀತಿ ಇಲ್ಲ’ ಅಂತ ಮೊದಲ ಫೋನಿನಲ್ಲೇ ಹೇಳಿದ್ದ. ನನ್ನ ಜಾತಿ ಅವನಿಗೆ ಗೊತ್ತಿತ್ತು. ಒಂದ್ಸಲ ಕೂತು ಮಾತಾಡೋಣ ಅಂತ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನೋಕೆ ಹೋದ್ವಿ.

ಸಪ್ಲೈಯರ್‌ಗೆ ‘ಅಣ್ಣಾ, ಸ್ವಲ್ಪ ಚಟ್ನಿ ಕೊಡಿ’ ಅಂದ. ನನಗೆ ಖುಷಿಯಾಯ್ತು. ಐದು ನಿಮಿಷಕ್ಕೆ ಟೇಬಲ್ ಒರೆಸೋರು ಬಂದರು. ನಮ್ಮಪ್ಪನ ವಯಸ್ಸು. ‘ಲೋ, ನೀರು ಚೆಲ್ಲಿದೆ, ಒರೆಸೋ’ ಅಂದ. ಅವರ ಬಟ್ಟೆ ಹತ್ತಿರ ಬಂದಾಗ ಕೈ ಹಿಂದಕ್ಕೆ ಎಳ್ಕೊಂಡ.

ಇಲ್ಲೇ ನೋಡಬೇಕು. ಹೋಟೆಲಲ್ಲಿ ಊಟ ತರೋ ಕೈ ಬೇರೆ, ಎಂಜಲು ಎತ್ತೋ ಕೈ ಬೇರೆ. ಸಪ್ಲೈಯರ್‌ಗೆ ಮರ್ಯಾದೆ ಕೊಟ್ಟ ಮಾತ್ರಕ್ಕೆ ಪರೀಕ್ಷೆ ಪಾಸಾಗಲ್ಲ. ಎಂಜಲು ಎತ್ತೋರ ಹತ್ತಿರ ಆ ‘ಅಣ್ಣಾ’ ಉಳಿಯುತ್ತಾ ಅನ್ನೋದೇ ಪ್ರಶ್ನೆ.

ವಾಪಸ್ ಸತ್ಯಮಂಗಲಕ್ಕೆ ಆಟೋ ಹತ್ತಿದ್ವಿ. ಡ್ರೈವರ್ ಜೊತೆ ಚೆನ್ನಾಗೇ ಮಾತಾಡ್ತಿದ್ದ. ‘ನಿಮ್ದು ಯಾವೂರು? ಯಾವ ಜನ ನೀವು?’ ಅಂದ. ಅವರು ‘ಕಾಲೋನಿಯೋರು ಸಾರ್’ ಅಂದರು. ಅಲ್ಲಿಂದ ‘ನೀವು’ ಹೋಗಿ ‘ನೀನು’ ಬಂತು. ಇಳಿಯುವಾಗ ಚಾಚಿದ್ದ ಕೈಗೆ ದುಡ್ಡು ಕೊಡಲಿಲ್ಲ, ಸೀಟಿನ ಮೇಲಿಟ್ಟ.

1929ರಲ್ಲಿ ಬಾಬಾಸಾಹೇಬರು ಚಾಳೀಸಗಾಂವ್‌ನಲ್ಲಿ ರೈಲು ಇಳಿದಾಗ ಟಾಂಗಾದವರು ಅವರನ್ನು ಕೂರಿಸಿಕೊಂಡು ಓಡಿಸೋಕೆ ಒಪ್ಪಲಿಲ್ಲ. ಬಾಡಿಗೆಗೆ ಟಾಂಗಾ ಸಿಕ್ಕಿತು, ಓಡಿಸೋನು ಸಿಗಲಿಲ್ಲ. ಅನುಭವವೇ ಇಲ್ಲದ ನಮ್ಮ ಜನರೊಬ್ಬರು ಓಡಿಸಿದರು. ಟಾಂಗಾ ಸೇತುವೆ ಹತ್ತಿರ ಅಪಘಾತವಾಗಿ ಬಾಬಾಸಾಹೇಬರ ಕಾಲು ಮುರಿಯಿತು. ಅಲ್ಲಿ ಓಡಿಸೋನು ಕೂರೋನ ಜಾತಿ ನೋಡಿದ. ಇಲ್ಲಿ ಕೂತೋನು ಓಡಿಸೋನ ಜಾತಿ ನೋಡಿದ.

ಹಾಗಂತ ಬರೀ ಏಕವಚನ ಕೇಳಿ ತೀರ್ಪು ಕೊಡಬೇಡಿ. ನಮ್ಮವ್ವ ಎಲ್ಲರನ್ನೂ ‘ಬಾರೋ, ಉಣ್ಣೋ’ ಅಂತಾಳೆ, ಡಾಕ್ಟರನ್ನೂ ಬಿಡಲ್ಲ. ಅದು ಎಲ್ಲರಿಗೂ ಒಂದೇ. ನೋಡಬೇಕಾದ್ದು ಮಾತು ಬದಲಾಗೋ ಜಾಗ. ಯಾರ ಹತ್ತಿರ ಬದಲಾಯ್ತು? ಏನು ಗೊತ್ತಾದ ಮೇಲೆ ಬದಲಾಯ್ತು? ಒಂದೇ ಭೇಟಿಗೆ ಇದು ಕಾಣದೇ ಇರಬಹುದು, ಮೊದಲ ದಿನ ಎಲ್ಲರೂ ಒಳ್ಳೆಯವರೇ. ಆರ್ಡರ್ ತಪ್ಪಿ ಬಂದ ದಿನ, ಚಿಲ್ಲರೆ ಇಲ್ಲ ಅಂದ ದಿನ ಕಾಣುತ್ತೆ.

ಅವನಿಗೆ ಕೇಳಿದೆ, ‘ದುಡ್ಡು ಯಾಕೆ ಕೈಗೆ ಕೊಡಲಿಲ್ಲ?’ ‘ಅಯ್ಯೋ, ಅದೆಲ್ಲ ಗಮನಿಸ್ತೀಯಾ?’ ಅಂದ. ಗಮನಿಸ್ತೀನಿ ಕಣಪ್ಪ. ನಾಳೆ ನಮ್ಮಪ್ಪ ನಿಮ್ಮನೆಗೆ ಬಂದ್ರೆ ಕಾಫಿ ಲೋಟ ಅವರ ಕೈಗೆ ಬರುತ್ತೋ, ಕಟ್ಟೆ ಮೇಲಿರುತ್ತೋ ಅನ್ನೋದು ನನಗೆ ಆ ಸೀಟಿನ ಮೇಲೇ ಗೊತ್ತಾಯ್ತು. ಅಲ್ಲಿಗೆ ಮುಗೀತು.

ನಮ್ಮ ಸಂಗಾತಿಗಳಿಗೂ ಒಂದು ಮಾತು. ಸಭೆಯಲ್ಲಿ ಜೈಭೀಮ್ ಅಂದು, ಟೀ ತಂದ ಹುಡುಗನಿಗೆ ‘ಲೇಯ್’ ಅನ್ನೋರು ನಮ್ಮಲ್ಲೂ ಇದ್ದಾರೆ. ನಿಮ್ಮನ್ನೂ ಯಾರೋ ಒಬ್ಬಳು ಎದುರಿಗೆ ಕೂತು ನೋಡ್ತಿರ್ತಾಳೆ.

ಜೈಭೀಮ್.